‘ಬಿಡ್ತು ಅನ್ನಪ್ಪಾ’: ಸೂಪರ್‌ವಿಷನ್ ಗಂಟೆಯಲ್ಲಿ ನಾವು ತರುವ ಮಾತು, ತರದೇ ಬಿಡುವ ಮಾತು

ಡೊಂಬಿವಲಿಯಿಂದ ಮಾತಾಡ್ತಾ ಇದ್ದೀನಿ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ವಾರದ ಹೆಚ್ಚಿನ ಹೊತ್ತು ಕ್ಲೈಂಟ್‌ಗಳ ಜೊತೆ ಕಳೆಯುತ್ತೆ. ಉಳಿದ ಹೊತ್ತಿನಲ್ಲಿ, ಥೆರಪಿ ಮಾಡೋದನ್ನ ಕಲೀತಾ ಇರುವವರಿಗೆ ಸೂಪರ್‌ವಿಷನ್ ಕೊಡ್ತೀನಿ. ಇವತ್ತಿನ ಮಾತು ಆ ಎರಡನೇ ಕೆಲಸದ ಬಗ್ಗೆ.

ಈ ವಿಷಯ ತಗೊಳ್ಳೋದಕ್ಕೆ ಕಾರಣ ನೀವೇ. ಈ ಚಾನೆಲ್ ನೋಡುವವರಲ್ಲಿ ಐರೋಲಿ, ಮಹಾಪೆ, ಪೊವಾಯಿ ಕಡೆ ಐಟಿ ಕೆಲಸ ಮಾಡೋರು ತುಂಬಾ ಜನ ಇದ್ದೀರಿ. ಹತ್ತು ಹದಿನೈದು ವರ್ಷ ಕೆಲಸ ಮಾಡಿದ ಮೇಲೆ ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮುಗಿಸಿ, ಆಪ್ತಸಮಾಲೋಚನೆ ಕಡೆ ಬರ್ತಾ ಇರೋರೂ ಇದ್ದೀರಿ. ಅವರು ಕೇಳೋ ಮೊದಲ ಪ್ರಶ್ನೆ: “ಮೇಡಂ, ಸೂಪರ್‌ವಿಷನ್ ಅಂದ್ರೆ ಮ್ಯಾನೇಜರ್ ಜೊತೆ ಒನ್-ಆನ್-ಒನ್ ಇದ್ದ ಹಾಗಾ?” ಅಲ್ಲ. ನಿಮಗೆ ಗೊತ್ತಿರೋದರಲ್ಲಿ ಹತ್ತಿರದ್ದು ಅಂದ್ರೆ ಕೋಡ್ ರಿವ್ಯೂ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಇವತ್ತಿನ ಮಾತೆಲ್ಲ ಆ ವ್ಯತ್ಯಾಸದ ಮೇಲೇ ನಿಂತಿದೆ.

ಕೋಡ್ ರಿವ್ಯೂನಲ್ಲಿ ನೀವು ಬರೆದ ಸಾಲುಗಳೇ ರಿವ್ಯೂ ಮಾಡೋರ ಕಣ್ಣ ಮುಂದೆ ಇರುತ್ತವೆ. ಸೂಪರ್‌ವಿಷನ್‌ನಲ್ಲಿ ಹೆಚ್ಚಿನ ಸಲ ಹಾಗಿರೋದಿಲ್ಲ. ಥೆರಪಿ ನಡೆದ ಕೋಣೆಯಲ್ಲಿ ನಾನು ಇರಲಿಲ್ಲ. ಟ್ರೇನಿ ಬಂದು, ಅಲ್ಲಿ ಏನಾಯ್ತು ಅಂತ ತನ್ನ ನೆನಪಿನಿಂದ ಹೇಳ್ತಾರೆ. ಅಂದ್ರೆ ಕೋಡ್ ತೋರಿಸದೆ, ಕೋಡ್ ಬಗ್ಗೆ ಒಂದು ಕಥೆ ಹೇಳಿ “ಸರಿ ಇದೆಯಾ?” ಅಂತ ಕೇಳಿದ ಹಾಗೆ. ಕಥೆಯಲ್ಲಿ ತಪ್ಪು ಇರೋದಿಲ್ಲ. ತಪ್ಪು ಇರೋದು ಸಾಲಿನಲ್ಲಿ.

ಒಂದು ಗಂಟೆಯಲ್ಲಿ ಏನೇನು ಬರುತ್ತೆ

ಮೊದಲು ಇದರ ಚೌಕಟ್ಟು ಹೇಳಿಬಿಡ್ತೀನಿ. ಸೂಪರ್‌ವಿಷನ್ ಅಂದ್ರೆ, ಅನುಭವ ಇರುವ ಥೆರಪಿಸ್ಟ್ ಒಬ್ಬರ ಜೊತೆ ಕಲಿಯುವವರು ನಿಗದಿಯಾಗಿ, ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಒಂದು ಗಂಟೆ ಕೂತು ತಾವು ಕ್ಲೈಂಟ್‌ಗಳ ಜೊತೆ ಮಾಡಿದ ಕೆಲಸವನ್ನ ಒಟ್ಟಿಗೆ ನೋಡೋದು. ಅದಕ್ಕೆ ಮೂರು ಹೊಣೆ ಇರುತ್ತೆ. ಒಂದು, ಕ್ಲೈಂಟ್‌ಗೆ ತೊಂದರೆ ಆಗದ ಹಾಗೆ ನೋಡ್ಕೊಳ್ಳೋದು. ಎರಡು, ಕಲಿಯುವವರ ಕೈ ಪಳಗೋ ಹಾಗೆ ಮಾಡೋದು. ಮೂರು, ದಿನಾ ಬೇರೆಯವರ ದುಃಖ ಕೇಳಿ ಕಲಿಯುವವರೇ ಕುಸಿದುಬೀಳದ ಹಾಗೆ ಆಸರೆ ಕೊಡೋದು. ಮೂರೂ ಒಟ್ಟಿಗೆ ಹೊಂದಿಕೊಳ್ಳದ ಸಂದರ್ಭ ಬಂದರೆ ಮೊದಲನೆಯದೇ ಗೆಲ್ಲಬೇಕು.

ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋದಕ್ಕೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದ್ರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಮತ್ತು ನೋಂದಣಿ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಥರದ ಸಂಸ್ಥೆಯಲ್ಲಿ ಕಲಿಯುವವರಿಗೆ ಸೂಪರ್‌ವಿಷನ್ ಅನ್ನೋದು ಕೋರ್ಸಿನ ಒಳಗೇ ಸಿಗುತ್ತೆ. ಆದರೆ ಎಂ.ಎ. ಮುಗಿಸಿ ಕೌನ್ಸೆಲಿಂಗ್‌ಗೆ ಬರೋರಲ್ಲಿ ತುಂಬಾ ಜನ ತಾವೇ ಸೂಪರ್‌ವೈಸರ್ ಹುಡುಕಿ, ತಾವೇ ಫೀ ಕೊಟ್ಟು ಬರ್ತಾರೆ. ಕೈಯಿಂದ ದುಡ್ಡು ಹಾಕಿ ಬರೋ ಗಂಟೆ ಇದು. ಹಾಗಾಗಿ ಅದನ್ನ ಹೇಗೆ ಬಳಸ್ತೀವಿ ಅನ್ನೋದು ಸಣ್ಣ ಮಾತಲ್ಲ.

ನನ್ನ ಗಂಟೆ ಹೀಗೆ ನಡೆಯುತ್ತೆ. ಮೊದಲ ಐದು ನಿಮಿಷ ಅಪಾಯದ ಪ್ರಶ್ನೆಗೆ: ಈ ವಾರ ನೀವು ನೋಡಿದ ಯಾರಾದರೂ ತಮಗೆ ಅಥವಾ ಬೇರೆಯವರಿಗೆ ಹಾನಿ ಮಾಡ್ಕೊಳ್ಳೋ ಮಾತಾಡಿದರಾ? ಮನೆಯಲ್ಲಿ ಹೊಡೆತ, ಮಕ್ಕಳ ಮೇಲೆ ದೌರ್ಜನ್ಯ, ಅಂಥದ್ದು ಏನಾದರೂ? ಇದನ್ನ ಕೊನೆಗೆ ಇಟ್ಟರೆ ಸಮಯ ಮುಗಿದುಹೋಗಿರುತ್ತೆ. ಆಮೇಲೆ ಹೋದ ವಾರ ಮಾತಾಡಿದ್ದು ಏನಾಯ್ತು ಅಂತ ಒಂದೈದು ನಿಮಿಷ. ನಂತರ ಅರ್ಧ ಗಂಟೆಗೂ ಮೀರಿ ಒಬ್ಬರೇ ಕ್ಲೈಂಟ್, ಒಂದೇ ಸೆಷನ್. ಎಂಟು ಕ್ಲೈಂಟ್‌ಗಳ ವರದಿ ಒಪ್ಪಿಸಿದರೆ ಅದು ಸ್ಟೇಟಸ್ ಮೀಟಿಂಗ್ ಆಗುತ್ತೆ, ಕಲಿಯೋದು ಏನೂ ಉಳಿಯೋದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಮುಂದಿನ ಸೆಷನ್‌ನಲ್ಲಿ ಬಾಯಿ ಬಿಟ್ಟು ಏನು ಹೇಳ್ತೀರಿ ಅನ್ನೋದನ್ನ ಅಲ್ಲೇ ಹೇಳಿ ನೋಡೋದು.

ಒಂದು ಪ್ರಕರಣ

ಈಗ ಒಂದು ಉದಾಹರಣೆ ತಗೊಳ್ಳೋಣ. ಇದು ಯಾರೋ ಒಬ್ಬರದ್ದಲ್ಲ. ಇಷ್ಟು ವರ್ಷಗಳಲ್ಲಿ ಮತ್ತೆ ಮತ್ತೆ ಕಂಡದ್ದನ್ನ ಜೋಡಿಸಿ, ಗುರುತು ಸಿಗದ ಹಾಗೆ ಕಟ್ಟಿದ ಪ್ರಕರಣ. ನಮ್ಮ ಕೆಲಸದಲ್ಲಿ ಸಾರ್ವಜನಿಕವಾಗಿ ಮಾತಾಡೋದಕ್ಕೆ ಇದೊಂದೇ ದಾರಿ.

ಟ್ರೇನಿ ಮೂವತ್ತೈದು ದಾಟಿದವರು. ಹುಬ್ಬಳ್ಳಿ ಕಡೆಯವರು, ಹಿಂದೆ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದರು. ಕ್ಲೈಂಟ್ ದಾವಣಗೆರೆ ಕಡೆಯ ಹುಡುಗ, ಇಪ್ಪತ್ತೆಂಟು ಇಪ್ಪತ್ತೊಂಬತ್ತು ವಯಸ್ಸು. ಐರೋಲಿಯಲ್ಲಿ ರಾತ್ರಿ ಪಾಳಿಯ ಸಪೋರ್ಟ್ ಕೆಲಸ, ಡೊಂಬಿವಲಿ ಪೂರ್ವದಲ್ಲಿ ಮೂವರ ಜೊತೆ ಬಾಡಿಗೆ ಮನೆ. ಎಲ್ಲರೂ ಬೆಳಿಗ್ಗೆ ಸಿಎಸ್‌ಎಂಟಿ ಫಾಸ್ಟ್ ಹಿಡಿಯೋಕೆ ಓಡ್ತಾ ಇದ್ದರೆ ಇವನು ಎದುರಿನ ಖಾಲಿ ಗಾಡಿಯಲ್ಲಿ ಮನೆಗೆ ಬರ್ತಾ ಇರ್ತಾನೆ. ನಿದ್ದೆ ಬರಲ್ಲ ಅನ್ನೋದು ಅವನ ದೂರು. ಕನ್ನಡದಲ್ಲಿ ಮಾತಾಡೋ ಥೆರಪಿಸ್ಟ್ ಸಿಕ್ಕಿದ್ದು ಅವನಿಗೆ ದೊಡ್ಡ ಸಮಾಧಾನ.

ನಾಲ್ಕನೇ ಸೆಷನ್ ಆದ ಮೇಲೆ ಟ್ರೇನಿ ಸೂಪರ್‌ವಿಷನ್‌ಗೆ ಬಂದರು. ಅವರ ನೋಟ್ಸ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳೋದಾದರೆ ಅದರ ಸಾರ ಇಷ್ಟು: ಕ್ಲೈಂಟ್‌ಗೆ ದಣಿವು, ಬೇಸರ ಇದೆ, ಧೈರ್ಯ ಹೇಳಲಾಯಿತು, ನಿದ್ರೆಯ ಶಿಸ್ತಿನ ಬಗ್ಗೆ ಮಾಹಿತಿ ಕೊಡಲಾಯಿತು, ಸಂಬಂಧ ಚೆನ್ನಾಗಿ ಬೆಳೆದಿದೆ. ಅಪಾಯದ ಪ್ರಶ್ನೆಗೆ “ಏನೂ ಇಲ್ಲ ಮೇಡಂ” ಅಂದರು. ಸುಳ್ಳು ಹೇಳಲಿಲ್ಲ. ಅವರ ನೆನಪಿನಲ್ಲಿ ಸೆಷನ್ ಹಾಗೇ ಉಳಿದಿತ್ತು.

ನನ್ನ ಹತ್ತಿರ ಬರೋರೆಲ್ಲರಿಗೂ ಒಂದು ಪದ್ಧತಿ ಇದೆ. ಸೆಷನ್ ಮುಗಿದ ಅರ್ಧ ಗಂಟೆಯೊಳಗೆ, ಅದರ ಐದು ನಿಮಿಷವನ್ನ ನಾಟಕದ ಸಂಭಾಷಣೆ ಥರ ಬರೀಬೇಕು. ಅವರು ಏನಂದರು, ನಾನು ಏನಂದೆ. ಸೆಷನ್ ಯಾವ ಭಾಷೆಯಲ್ಲಿ ನಡೀತೋ ಅದೇ ಭಾಷೆಯಲ್ಲಿ. ಯಾವ ಐದು ನಿಮಿಷ? ಬರೆಯೋಕೆ ಮನಸ್ಸು ಬರದ ಐದು ನಿಮಿಷ. ಟ್ರೇನಿ ತಂದ ಹಾಳೆಯಲ್ಲಿ ಹೀಗಿತ್ತು:

ಕ್ಲೈಂಟ್: ಬೆಳಿಗ್ಗೆ ರೂಮಿಗೆ ಬರ್ತೀನಿ. ಎಲ್ಲ ಹೋಗಿರ್ತಾರೆ. ಮಲಗ್ತೀನಿ. ಒಂದೊಂದ್ಸಲ ಅನ್ಸುತ್ತೆ ಅಕ್ಕಾ, ಹಿಂಗೇ ಮಲಗಿದವನು ಏಳದೇ ಇದ್ರೆ ಎಷ್ಟು ಚೆನ್ನಾಗಿತ್ತು ಅಂತ.

ಟ್ರೇನಿ: ಅಯ್ಯೋ, ಬಿಡ್ತು ಅನ್ನಪ್ಪಾ. ಹಂಗೆಲ್ಲ ಅನ್ನಬಾರದು. ನಿನಗೆ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಹಿಂಗೆಲ್ಲ ಅನ್ಸೋದು.

ಕ್ಲೈಂಟ್: (ನಗುತ್ತಾ) ಹೂಂ ಅಕ್ಕಾ. ಬಿಡ್ತು.

ಟ್ರೇನಿ: ಮಲಗೋ ಮುಂಚೆ ಮೊಬೈಲ್ ನೋಡ್ತೀರಾ?

ನಾಲ್ಕೇ ಮಾತು. ನೋಟ್ಸ್‌ನಲ್ಲಿ ಇದು “ಧೈರ್ಯ ಹೇಳಲಾಯಿತು” ಅಂತ ಆಗಿತ್ತು.

“ಬಿಡ್ತು ಅನ್ನು” ಅನ್ನೋದು ನಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಗೊತ್ತು. ಅಶುಭದ ಮಾತು ಬಾಯಿಗೆ ಬಂದರೆ ಅಜ್ಜಿ ಗದರಿ “ಬಿಡ್ತು ಅನ್ನು” ಅಂತಾಳೆ. ನಾವು ಬಿಡ್ತು ಅಂತೀವಿ, ಮಾತು ಅಲ್ಲಿಗೆ ನಿಲ್ಲುತ್ತೆ. ಅದರಲ್ಲಿ ಪ್ರೀತಿ ಇದೆ, ಭಯವೂ ಇದೆ. ಅದರ ಕೆಲಸವೇ ಮಾತನ್ನ ಮುಚ್ಚೋದು. ಥೆರಪಿ ಕೋಣೆಯ ಕೆಲಸ ಇದಕ್ಕೆ ಪೂರ್ತಿ ತಿರುಗಿದ್ದು. ಅಲ್ಲಿ ಆ ಮಾತು ತೆರೀಬೇಕು. ಹುಡುಗ ನಾಲ್ಕು ಸೆಷನ್ ಆದ ಮೇಲೆ ಮೊದಲ ಸಲ ಬಾಗಿಲು ಅರ್ಧ ತೆರೆದ. ಅಕ್ಕ ಪ್ರೀತಿಯಿಂದಲೇ ಮುಚ್ಚಿದಳು. ಅವನೂ ವಿಧೇಯನಾಗಿ “ಬಿಡ್ತು” ಅಂದ.

ಇನ್ನೊಂದು ಗಮನಿಸಿದ್ರಾ? ಆ ಒಂದು ಮಾತಿನಲ್ಲಿ ಟ್ರೇನಿ “ನೀವು” ಬಿಟ್ಟು “ನೀನು” ಗೆ ಇಳಿದಿದ್ದಾರೆ. ಮೊಬೈಲ್ ಪ್ರಶ್ನೆ ಬಂದಾಗ ಮತ್ತೆ “ನೋಡ್ತೀರಾ” ಅಂತ ಬಹುವಚನ. ಅಂದ್ರೆ ಗಾಬರಿಯಾದ ಆ ಕ್ಷಣಕ್ಕೆ ಥೆರಪಿಸ್ಟ್ ಕುರ್ಚಿಯಿಂದ ಎದ್ದುಹೋಗಿ, ಅಲ್ಲಿ ಅಕ್ಕ ಬಂದು ಕೂತಿದ್ದಾಳೆ. ಇಂಗ್ಲಿಷ್ ನೋಟ್ಸ್‌ನಲ್ಲಿ ಎರಡಕ್ಕೂ ಒಂದೇ ‘ಯೂ’. ಅದಕ್ಕೇ ನಾನು ಸೆಷನ್ನಿನ ಭಾಷೆಯಲ್ಲೇ ತನ್ನಿ ಅಂತ ಹಟ ಹಿಡಿಯೋದು. ನಿಮ್ಮ ಸೂಪರ್‌ವೈಸರ್ ಮರಾಠಿಯವರೇ ಆಗಿರಲಿ, ಕನ್ನಡದ ಸಾಲು ಬರೆದು, ಕೆಳಗೆ ಅರ್ಥ ಬರೀರಿ. ಥಾಣೆಯಲ್ಲಿ ಡಾ. ಆನಂದ ನಾಡಕರ್ಣಿ 1990ರಲ್ಲಿ ಐಪಿಎಚ್ ಶುರು ಮಾಡಿದಾಗಿನಿಂದ ಈ ಭಾಗದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಮರಾಠಿಯಲ್ಲಿ ಮಾತಾಡೋ ಒಂದು ರೂಢಿ ಬೆಳೆದಿದೆ. ಇಲ್ಲಿನ ಮರಾಠಿ ಸೂಪರ್‌ವೈಸರ್‌ಗೆ, ಮನೆಮಾತಿನಲ್ಲಿ ನಡೆಯೋ ಥೆರಪಿ ಅಂದ್ರೆ ಏನು ಅಂತ ವಿವರಿಸಬೇಕಾಗಿಲ್ಲ. ಅವರ ಮುಂದೆ ಇಂಗ್ಲಿಷ್ ಸಾರಾಂಶ ಮಾತ್ರ ಇಟ್ಟರೆ, ಇಬ್ಬರಿಗೂ ಸೆಷನ್ ಕಾಣೋದಿಲ್ಲ.

ಆ ಹಾಳೆ ಬಂದ ಮೇಲೆ

ಈಗ ಗಂಟೆಯ ಕ್ರಮ ಬದಲಾಗುತ್ತೆ. ಕಲಿಕೆ ಆಮೇಲೆ. ಮೊದಲು ಹುಡುಗ ಸುರಕ್ಷಿತವಾಗಿದ್ದಾನಾ ನೋಡಬೇಕು. “ಏಳದೇ ಇದ್ರೆ ಚೆನ್ನಾಗಿತ್ತು” ಅನ್ನೋ ಎಲ್ಲರೂ ಆತ್ಮಹತ್ಯೆಯ ಯೋಚನೆಯಲ್ಲಿ ಇರ್ತಾರೆ ಅಂತ ಅಲ್ಲ. ಆದರೆ ಕೇಳದೆ ಗೊತ್ತಾಗೋದಿಲ್ಲ. ನಮಗೆ ಗೊತ್ತಿರೋದು ಒಂದೇ ವಾಕ್ಯ.

ಕೇಳೋದಕ್ಕೆ ಒಂದು ಕ್ರಮ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಪ್ರಶ್ನಾವಳಿ ಬಹಳ ಕಡೆ ಬಳಕೆಯಲ್ಲಿದೆ. ಅದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ. ಸತ್ತುಹೋಗಿದ್ದರೆ, ಮಲಗಿ ಏಳದಿದ್ದರೆ ಅಂತ ಅನಿಸಿದೆಯಾ? ಜೀವ ತೆಗೆದುಕೊಳ್ಳೋ ಯೋಚನೆಯೇ ಬಂದಿದೆಯಾ? ಬಂದಿದ್ದರೆ, ಹೇಗೆ ಅನ್ನೋದರ ತನಕ ಯೋಚನೆ ಹೋಗಿದೆಯಾ? ಅದನ್ನ ಮಾಡೋ ಇರಾದೆ ಇದೆಯಾ? ಯೋಜನೆ ಹಾಕಿದ್ದೀರಾ? ಹಿಂದೆ ಯಾವಾಗಲಾದರೂ, ಈಚೆಗೆ, ಏನಾದರೂ ಮಾಡಿಕೊಳ್ಳೋಕೆ ಹೋಗಿದ್ದಿರಾ? ಹುಡುಗ ತಾನಾಗೇ ಮೊದಲ ಮೆಟ್ಟಿಲಿನ ಉತ್ತರ ಕೊಟ್ಟಿದ್ದ. ಎರಡನೇ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಇಲ್ಲಿ ಟ್ರೇನಿಗಳು ಹೇಳೋ ಮಾತು ಒಂದೇ: “ಕೇಳಿದ್ರೆ ಇಲ್ಲದ್ದನ್ನ ತಲೆಗೆ ಹಾಕಿದ ಹಾಗೆ ಆಗಲ್ವಾ?” ಆಗೋದಿಲ್ಲ. ಕೇಳೋದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟೋದಿಲ್ಲ ಅನ್ನೋದನ್ನ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಎಷ್ಟೋ ಜನಕ್ಕೆ, ಯಾರೋ ಒಬ್ಬರು ಹೆದರದೆ ಕೇಳಿದರು ಅನ್ನೋದೇ ಮೊದಲ ಆಸರೆ.

ಆದ್ದರಿಂದ ಅದೇ ಗಂಟೆಯಲ್ಲಿ ನಾವು ಅಭ್ಯಾಸ ಮಾಡಿದೆವು. ನಾನು ಆ ಹುಡುಗನಾದೆ, ಅವರು ಕೇಳಿದರು. ಮೊದಲ ಸಲ ಅವರು ಇಂಗ್ಲಿಷಿಗೆ ಹಾರಿದರು. ಕೋರ್ಸು ಇಂಗ್ಲಿಷಿನಲ್ಲಿ ಕಲಿತದ್ದು, ಪ್ರಶ್ನೆಯೂ ಇಂಗ್ಲಿಷಿನಲ್ಲೇ ಇದೆ. ಎರಡನೇ ಸಲ ಕನ್ನಡದಲ್ಲಿ ಬಂತು, ಆದರೆ “ನಿಮಗೆ ಹಾಗೇನೂ ಅನ್ಸಲ್ಲ ಅಲ್ವಾ?” ಅಂತ. ಈ ಪ್ರಶ್ನೆಗೆ “ಇಲ್ಲ” ಅನ್ನೋ ಉತ್ತರ ಮೊದಲೇ ಬರೆದಿಟ್ಟಿದೆ. ಮೂರನೇ ಸಲ ಬಂದದ್ದು ಇದು: “ಹೋದ ಸಲ ನೀವು ಏಳದೇ ಇದ್ರೆ ಚೆನ್ನಾಗಿತ್ತು ಅಂದ್ರಿ. ನಾನು ಆ ಮಾತನ್ನ ಬೇಗ ಮುಚ್ಚಿಬಿಟ್ಟೆ. ಇವತ್ತು ಅದನ್ನೇ ಕೇಳ್ಬೇಕು. ಸಾಯಬೇಕು, ಜೀವ ಕಳ್ಕೋಬೇಕು ಅಂತ ಯೋಚನೆ ಬರುತ್ತಾ?” ಇಷ್ಟು ಸರಳ. ಆದರೆ ಮೊದಲ ಸಲ ಬಾಯಿಗೆ ಬರೋದು ಕ್ಲೈಂಟ್ ಮುಂದೆ ಆಗಬಾರದು. ಅದಕ್ಕೇ ಸೂಪರ್‌ವಿಷನ್ ಇರೋದು.

ಅವತ್ತೇ, ನಾನು ಪಕ್ಕದಲ್ಲಿ ಕೂತಿರುವಾಗ, ಅವರು ಫೋನ್ ಮಾಡಿದರು. ಮುಂದಿನ ವಾರದವರೆಗೆ ಕಾಯೋ ಪ್ರಶ್ನೆಯೇ ಇಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಯೋಚನೆ ಬರುತ್ತೆ, ಎರಡು ತಿಂಗಳಿಂದ ಬರ್ತಾ ಇದೆ, ಹೇಗೆ ಅಂತೆಲ್ಲ ಯೋಚಿಸಿಲ್ಲ, ಮಾಡ್ಕೊಳ್ಳೋ ಮನಸ್ಸಿಲ್ಲ, ಹಿಂದೆ ಯಾವತ್ತೂ ಏನೂ ಮಾಡ್ಕೊಂಡಿಲ್ಲ. ಮರುದಿನವೇ ಸೆಷನ್ ಇಟ್ಟುಕೊಂಡರು. ಅಲ್ಲಿ ಒಂದು ಸುರಕ್ಷತಾ ಯೋಜನೆ ಬರೆದರು: ಮನಸ್ಸು ಕುಸೀತಾ ಇದೆ ಅಂತ ತನಗೆ ಮೊದಲು ಯಾವುದರಿಂದ ಗೊತ್ತಾಗುತ್ತೆ, ಆಗ ತಾನೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ವಿಷಯ ಹೇಳಬಹುದು, ಯಾವ ವೈದ್ಯರಿಗೆ, ಯಾವ ಸಹಾಯವಾಣಿಗೆ ಫೋನ್ ಮಾಡಬೇಕು, ಅಪಾಯದ ವಸ್ತುಗಳನ್ನ ಹೇಗೆ ದೂರ ಇಡಬೇಕು. ಊರಲ್ಲಿರೋ ಅಣ್ಣನಿಗೆ ಹೇಳೋಕೆ ಅವನೇ ಒಪ್ಪಿದ. ಎರಡು ತಿಂಗಳ ನಿದ್ದೆಗೇಡು, ಬೇಸರ ಇದ್ದದ್ದರಿಂದ ಸೈಕಿಯಾಟ್ರಿಸ್ಟ್ ಒಬ್ಬರನ್ನ ಕಾಣೋ ಏರ್ಪಾಡೂ ಆಯ್ತು.

ಅವನು ಇರಾದೆ ಇದೆ, ಯೋಜನೆ ಇದೆ ಅಂದಿದ್ದರೆ? ಆಗ ಗೌಪ್ಯತೆಯ ಮಿತಿ ಬರುತ್ತೆ. 2017ರ ಮೆಂಟಲ್ ಹೆಲ್ತ್‌ಕೇರ್ ಕಾಯಿದೆಯ 23ನೇ ಸೆಕ್ಷನ್ ವ್ಯಕ್ತಿಯ ಮಾಹಿತಿ ಗುಟ್ಟಾಗಿರಬೇಕು ಅನ್ನುತ್ತೆ. ಜೀವಕ್ಕೆ ಅಪಾಯ ಇರುವಂಥ ಸಂದರ್ಭಗಳಿಗೆ ಅದರಲ್ಲೇ ವಿನಾಯಿತಿಯೂ ಇದೆ. ಯಾವಾಗ, ಯಾರಿಗೆ, ಎಷ್ಟು ಹೇಳಬೇಕು ಅನ್ನೋದನ್ನ ಟ್ರೇನಿ ಒಬ್ಬರೇ ತೀರ್ಮಾನ ಮಾಡಬಾರದು. ಆ ಗಳಿಗೆಯಲ್ಲಿ ಸೂಪರ್‌ವೈಸರ್‌ಗೆ ಫೋನ್ ಮಾಡೋ ಹಕ್ಕು ಅವರಿಗೆ ಇರಬೇಕು, ರಾತ್ರಿ ಹನ್ನೊಂದಾದರೂ ಸರಿ.

ಮಾತು ಯಾಕೆ ಜಾರಿತು

ಫೋನ್ ಇಟ್ಟ ಮೇಲೆ ಉಳಿದದ್ದು ಟ್ರೇನಿಯ ಪ್ರಶ್ನೆ: “ಇಷ್ಟು ದೊಡ್ಡ ಮಾತು ನನಗೆ ಹೇಗೆ ಕೇಳಿಸಲಿಲ್ಲ?” ಕೇಳಿಸಿತ್ತು. ಅದಕ್ಕೇ ಮುಚ್ಚಿದರು.

ಅವರೇ ನಿಧಾನವಾಗಿ ಹೇಳಿದರು. ಅವನು “ಅಕ್ಕಾ” ಅಂದದ್ದು ಇಷ್ಟವಾಗಿತ್ತು. ಅಕ್ಕ ಆದವಳಿಗೆ ತಮ್ಮ ಸಾಯೋ ಮಾತಾಡೋದು ಕೇಳೋಕಾಗಲ್ಲ. ಸೆಷನ್ ಮಧ್ಯೆ ಅವನಿಗೆ ವಾಟ್ಸಾಪ್ ನಂಬರ್ ಕೊಟ್ಟಿದ್ದರು, ಬೆಳಗಿನ ಜಾವ ಬರೋ ಮೆಸೇಜ್‌ಗಳಿಗೆ ಉತ್ತರ ಕೊಡ್ತಾ ಇದ್ದರು. ಅದನ್ನೂ ನನಗೆ ಹೇಳಿರಲಿಲ್ಲ. ಬೈತೀನಿ ಅನ್ನೋ ಭಯ.

ಇಲ್ಲಿ ಒಂದು ವಿಚಿತ್ರ ಹೋಲಿಕೆ ಕಾಣುತ್ತೆ. ಹುಡುಗ ದಿನಾ ಅಮ್ಮನಿಗೆ ಫೋನ್ ಮಾಡಿ “ಎಲ್ಲಾ ಆರಾಮ್ ಇದೆ” ಅಂತಾನೆ. ಟ್ರೇನಿ ವಾರ ವಾರ ನನ್ನ ಹತ್ತಿರ ಬಂದು “ಎಲ್ಲಾ ಚೆನ್ನಾಗಿ ನಡೀತಿದೆ ಮೇಡಂ” ಅಂತಾರೆ. ಥೆರಪಿ ಕೋಣೆಯಲ್ಲಿ ಇರೋದು ಸೂಪರ್‌ವಿಷನ್ ಕೋಣೆಯಲ್ಲಿ ತನಗೇ ತಿಳಿಯದ ಹಾಗೆ ಮರುಕಳಿಸೋದಕ್ಕೆ ನಮ್ಮಲ್ಲಿ ಸಮಾಂತರ ಪ್ರಕ್ರಿಯೆ ಅಂತಾರೆ. ಹೆರಾಲ್ಡ್ ಸರ್ಲ್ಸ್ ಅನ್ನೋ ಅಮೆರಿಕದ ಮನೋವೈದ್ಯ 1955ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪ್ರತಿಯೊಂದಕ್ಕೂ ಇದನ್ನ ಅಂಟಿಸೋದು ತಪ್ಪು. ಆದರೆ ಇಂಥ ಕಡೆ, ಹುಡುಗನಿಗೆ “ಆರಾಮ್” ಅನ್ನೋದು ಯಾಕೆ ಅಷ್ಟು ಬೇಕು ಅನ್ನೋದು ಟ್ರೇನಿಗೆ ತನ್ನ ಅನುಭವದಿಂದಲೇ ಅರ್ಥವಾಯ್ತು: ದೊಡ್ಡವರ ಮುಂದೆ ಗಟ್ಟಿಯಾಗಿ ಕಾಣಬೇಕು.

ಇಲ್ಲಿ ನಾನು ಒಂದು ಗೆರೆ ಎಳೀತೀನಿ. ಟ್ರೇನಿಗೆ ಸ್ವಂತ ತಮ್ಮ ಇದ್ದಾನಾ, ಅವನ ಜೊತೆ ಏನಾಗಿದೆ ಅಂತ ನಾನು ಕೆದಕೋದಿಲ್ಲ. ಅದು ಥೆರಪಿಯ ಕೆಲಸ. ಬೇಕಿದ್ದರೆ ಅವರು ಬೇರೆ ಥೆರಪಿಸ್ಟ್ ಹತ್ತಿರ ಹೋಗಬೇಕು. ಸೂಪರ್‌ವಿಷನ್‌ನಲ್ಲಿ ಕೇಳೋ ಪ್ರಶ್ನೆ ಇಷ್ಟೇ: ನಿಮ್ಮೊಳಗೆ ಎದ್ದದ್ದು ಈ ಕ್ಲೈಂಟ್ ಜೊತೆಗಿನ ಕೆಲಸದಲ್ಲಿ ಏನು ಮಾಡಿತು? ನಿಮ್ಮ ಸೂಪರ್‌ವೈಸರ್ ಈ ಗೆರೆ ದಾಟಿ ನಿಮ್ಮ ಮದುವೆ, ನಿಮ್ಮ ಬಾಲ್ಯ ಅಂತ ಹೋದರೆ, “ಇದು ಈ ಕ್ಲೈಂಟ್‌ಗೆ ಹೇಗೆ ಸಂಬಂಧ?” ಅಂತ ಕೇಳೋ ಹಕ್ಕು ನಿಮಗಿದೆ. ವಾಟ್ಸಾಪ್ ವಿಷಯಕ್ಕೆ ಪರಿಹಾರ ಸರಳವಾಗಿತ್ತು. ಯಾವ ಸಮಯಕ್ಕೆ, ಯಾತಕ್ಕೆ ಮೆಸೇಜ್ ಮಾಡಬಹುದು, ಅಪಾಯದ ಹೊತ್ತಲ್ಲಿ ಮೆಸೇಜ್ ಬದಲು ಎಲ್ಲಿಗೆ ಫೋನ್ ಮಾಡಬೇಕು ಅಂತ ಹುಡುಗನ ಜೊತೆ ಮಾತಾಡಿ ಗೊತ್ತು ಮಾಡಿಕೊಂಡರು. ಥಟ್ಟನೆ ಬ್ಲಾಕ್ ಮಾಡಿದ್ದರೆ ಅದೂ ಇನ್ನೊಂದು “ಬಿಡ್ತು ಅನ್ನು” ಆಗ್ತಿತ್ತು.

ಮುಚ್ಚಿಡೋದು ಸ್ವಭಾವ, ಅದಕ್ಕೇ ವ್ಯವಸ್ಥೆ ಬೇಕು

ಇದು ಈ ಟ್ರೇನಿಯ ದೋಷ ಅನ್ಕೋಬೇಡಿ. 1996ರಲ್ಲಿ ನಿಕೊಲಸ್ ಲಡಾನಿ ಮತ್ತು ಸಂಗಡಿಗರು ಅಮೆರಿಕದಲ್ಲಿ 108 ಜನ ಟ್ರೇನಿಗಳನ್ನ ಕೇಳಿದರು: ಸೂಪರ್‌ವೈಸರ್‌ಗೆ ಹೇಳದೇ ಬಿಟ್ಟದ್ದು ಏನಾದರೂ ಇದೆಯಾ? ನೂರಕ್ಕೆ 97 ಜನ ಇದೆ ಅಂದರು. ತಮ್ಮ ತಪ್ಪುಗಳು, ಕ್ಲೈಂಟ್ ಬಗ್ಗೆ ತಮಗೆ ಬಂದ ಭಾವನೆ, ಎಲ್ಲಕ್ಕಿಂತ ಹೆಚ್ಚಾಗಿ ಸೂಪರ್‌ವೈಸರ್ ಬಗ್ಗೆಯೇ ಇದ್ದ ಅಸಮಾಧಾನ. ಕಾರಣ ಊಹಿಸೋದು ಕಷ್ಟವಲ್ಲ. ಸೂಪರ್‌ವೈಸರ್ ಬರೀ ಆಸರೆ ಕೊಡೋರಲ್ಲ, ಮೌಲ್ಯಮಾಪನವನ್ನೂ ಮಾಡ್ತಾರೆ, ಸರ್ಟಿಫಿಕೇಟ್‌ಗೆ ಸಹಿ ಹಾಕ್ತಾರೆ. ಅಪ್ರೈಸಲ್ ಮಾಡೋರ ಮುಂದೆ ಬಗ್ ತಾನಾಗೇ ತೋರಿಸೋರು ಎಷ್ಟು ಜನ?

ಆದ್ದರಿಂದ “ಪ್ರಾಮಾಣಿಕವಾಗಿರಿ” ಅಂತ ಉಪದೇಶ ಮಾಡಿ ಉಪಯೋಗವಿಲ್ಲ. ಮೊದಲ ಭೇಟಿಯಲ್ಲೇ ಕೆಲವು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು, ಆದರೆ ಬರೆದುಕೊಳ್ಳಬೇಕು. ನನ್ನ ಮೌಲ್ಯಮಾಪನದಲ್ಲಿ ಯಾವುದು ಲೆಕ್ಕಕ್ಕೆ ಬರುತ್ತೆ? ಸೆಷನ್‌ನಲ್ಲಿ ಆದ ತಪ್ಪು ತಂದರೆ ಏನಾಗುತ್ತೆ, ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಏನಾಗುತ್ತೆ? ನಿಮ್ಮ ಮಾತು ನನಗೆ ಒಪ್ಪಿಗೆಯಾಗದಿದ್ದರೆ ಹೇಗೆ ಹೇಳಲಿ? ತುರ್ತಿನಲ್ಲಿ ಯಾವ ನಂಬರ್? ಈ ನಾಲ್ಕಕ್ಕೆ ನೇರ ಉತ್ತರ ಕೊಡದ ಸೂಪರ್‌ವೈಸರ್ ಹತ್ತಿರ ಪ್ರಾಮಾಣಿಕವಾಗಿರೋದು ಯಾರಿಗೂ ಕಷ್ಟ.

ಎರಡನೆಯ ವ್ಯವಸ್ಥೆ, ನೆನಪನ್ನ ನಂಬದೇ ಇರೋದು. ಕಾರ್ಲ್ ರೋಜರ್ಸ್ 1940ರ ದಶಕದ ಶುರುವಿನಲ್ಲೇ ಓಹಾಯೋದಲ್ಲಿ ಸೆಷನ್‌ಗಳನ್ನ ಗ್ರಾಮಫೋನ್ ತಟ್ಟೆಗಳಲ್ಲಿ ರೆಕಾರ್ಡ್ ಮಾಡಿ ವಿದ್ಯಾರ್ಥಿಗಳಿಗೆ ಕೇಳಿಸ್ತಾ ಇದ್ದರು. ಇವತ್ತು ಫೋನ್ ಸಾಕು. ಆದರೆ ಕ್ಲೈಂಟ್ ಒಪ್ಪಿಗೆ ಬರಹದಲ್ಲಿ ಬೇಕು: ಯಾಕೆ ರೆಕಾರ್ಡ್ ಮಾಡ್ತೀವಿ, ಯಾರು ಕೇಳ್ತಾರೆ, ಯಾವಾಗ ಅಳಿಸ್ತೀವಿ, ಬೇಡ ಅಂದರೆ ಥೆರಪಿಗೇನೂ ತೊಂದರೆ ಇಲ್ಲ ಅಂತ. ಐಟಿಯವರಿಗೆ ಹೇಳಬೇಕಾಗಿಲ್ಲ, ಫೋನಿನ ಆಟೋ ಬ್ಯಾಕಪ್ ಆ ಫೈಲನ್ನ ಮನೆಯವರೆಲ್ಲ ನೋಡೋ ಫೋಟೋ ಖಾತೆಯ ಪಕ್ಕಕ್ಕೇ ಒಯ್ದು ಇಡಬಹುದು. ಅದನ್ನ ಮೊದಲೇ ಆಫ್ ಮಾಡಿ. ರೆಕಾರ್ಡಿಂಗ್ ಆಗದಿದ್ದರೆ ನಾನು ಹೇಳಿದ ಐದು ನಿಮಿಷದ ಹಾಳೆ. ಅದಕ್ಕೂ ಮಿತಿ ಇದೆ. ಆ ಹಾಳೆಯೂ ನೆನಪಿನದೇ, ಮನಸ್ಸು ಅಲ್ಲೂ ತಿದ್ದುತ್ತೆ. ಆದರೆ ಮಾತಿಗೆ ಮಾತು ಬರೆಯುವಾಗ ಕೈ ಎಲ್ಲಿ ತಡೆಯುತ್ತೋ ಅಲ್ಲೇ ವಿಷಯ ಇರುತ್ತೆ.

ಗುರುತಿನ ವಿಷಯದಲ್ಲಿ ಒಂದು ಎಚ್ಚರ. ಇಲ್ಲಿನ ಕನ್ನಡದವರ ಲೋಕ ಚಿಕ್ಕದು. ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಎಲ್ಲರೂ ಸಿಗ್ತಾರೆ. ಹೆಸರು ತೆಗೆದರೆ ಸಾಲದು. ಊರು, ಕಂಪನಿ, ಬಿಲ್ಡಿಂಗ್ ಮೂರು ಸೇರಿದರೆ ಹೆಸರು ಹೇಳಿದ ಹಾಗೇ. ಸೂಪರ್‌ವೈಸರ್‌ಗೆ ಆ ಮನೆಯವರ ಪರಿಚಯ ಇರಬಹುದು ಅನ್ನಿಸಿದರೆ, ಪ್ರಕರಣ ಶುರು ಮಾಡೋ ಮೊದಲೇ ಅದನ್ನ ಹೇಳಿಬಿಡಿ.

ಗಂಟೆ ಹಾಳಾಗ್ತಾ ಇದೆ ಅಂತ ಹೇಗೆ ಗೊತ್ತಾಗುತ್ತೆ

ಮೂರು ಗುರುತು ಹೇಳ್ತೀನಿ. ಒಂದು, ಮೂರು ತಿಂಗಳಲ್ಲಿ ನೀವು ಚೆನ್ನಾಗಿ ನಡೆದ ಸೆಷನ್‌ಗಳನ್ನೇ ತಂದಿದ್ದೀರಿ. ಎರಡು, ನಿಮ್ಮ ಒಬ್ಬ ಕ್ಲೈಂಟ್ ಹೆಸರು ಸೂಪರ್‌ವಿಷನ್‌ನಲ್ಲಿ ಒಮ್ಮೆಯೂ ಬಂದಿಲ್ಲ. “ಅವರದ್ದೇನೂ ಇಲ್ಲ, ಸರಿಯಾಗಿ ನಡೀತಿದೆ” ಅಂತ ಬಿಟ್ಟ ಆ ಕ್ಲೈಂಟ್‌ನನ್ನೇ ಮುಂದಿನ ವಾರ ತನ್ನಿ. ಮೂರು, ಗಂಟೆಯಲ್ಲಿ ಹೆಚ್ಚು ಮಾತಾಡೋರು ಸೂಪರ್‌ವೈಸರೇ. ಅವರು ಬುದ್ಧಿವಂತರು, ನೀವು ಟಿಪ್ಪಣಿ ಬರೀತಾ ಇದ್ದೀರಿ, ಹೊರಗೆ ಬಂದಾಗ ತಲೆ ತುಂಬಾ ಸಲಹೆ ಇದೆ. ಆದರೆ ಮುಂದಿನ ಸೆಷನ್‌ನಲ್ಲಿ ಹೇಳೋ ಮೊದಲ ವಾಕ್ಯ ಇಲ್ಲ. ಅದು ಪಾಠ ಆಯ್ತು, ಸೂಪರ್‌ವಿಷನ್ ಆಗಲಿಲ್ಲ. ಆಗ “ಮೇಡಂ, ಈಗ ಇದನ್ನ ಒಂದ್ಸಲ ಹೇಳಿ ನೋಡ್ತೀನಿ” ಅಂತ ನೀವೇ ಕೇಳಿ.

ಥೆರಪಿ ಕಲಿಯದೆ, ಬರೀ ಕ್ಲೈಂಟ್ ಆಗಿರೋರಿಗೂ ಒಂದು ಮಾತು. ನಿಮ್ಮ ಥೆರಪಿಸ್ಟ್‌ನ “ನೀವು ಸೂಪರ್‌ವಿಷನ್ ತಗೋತೀರಾ? ಅಲ್ಲಿ ನನ್ನ ಬಗ್ಗೆ ಏನು ಹೇಳ್ತೀರಿ? ನನ್ನ ಗುರುತು ಹೇಗೆ ಮುಚ್ಚಿಡ್ತೀರಿ?” ಅಂತ ಕೇಳಬಹುದು. ಕೇಳೋದು ಉದ್ಧಟತನ ಅಲ್ಲ. ಸೂಪರ್‌ವಿಷನ್ ತಗೊಳ್ಳೋ ಥೆರಪಿಸ್ಟ್ ಅಂದ್ರೆ ಕೆಲಸ ಬಾರದವರು ಅನ್ನೋ ಅರ್ಥವೂ ಅಲ್ಲ.

ಇನ್ನು, ಆ ಹುಡುಗನ ವಾಕ್ಯ ಕೇಳಿ ನಿಮ್ಮಲ್ಲಿ ಯಾರಿಗಾದರೂ “ನನಗೂ ಹಾಗೇ ಅನ್ಸುತ್ತೆ” ಅನ್ನಿಸಿದ್ದರೆ, ಬಿಡ್ತು ಅನ್ನಬೇಡಿ. ಒಬ್ಬರಿಗೆ ಹೇಳಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಇರುತ್ತೆ, ಫೀ ಇಲ್ಲ. ಕನ್ನಡದಲ್ಲಿ ಮಾತಾಡೋ ಅವಕಾಶವೂ ಇದೆ.

ಕಲಿಯುವವರಿಗೆ ಈ ವಾರದ ಕೆಲಸ ಒಂದೇ. ಮುಂದಿನ ಸೆಷನ್ ಆದ ಮೇಲೆ ಲೋಕಲ್ ಹತ್ತೋ ಮೊದಲು ಹತ್ತು ನಿಮಿಷ ಕೂತು, ಬರೆಯೋಕೆ ಮನಸ್ಸಿಲ್ಲದ ಆ ಐದು ನಿಮಿಷ ಬರೀರಿ. ಇಂಗ್ಲಿಷ್ ಬೇಡ, ನೀವಿಬ್ಬರೂ ಆಡಿದ ಮಾತಿನಲ್ಲೇ ಇರಲಿ. ಎಲ್ಲಿ “ನೀವು” ಇತ್ತು, ಎಲ್ಲಿ “ನೀನು” ಆಯ್ತು ಅಂತ ಅಡಿಗೆರೆ ಹಾಕಿ. ಆ ಹಾಳೆ ತಗೊಂಡು ಸೂಪರ್‌ವಿಷನ್‌ಗೆ ಹೋಗಿ.